ತಟ್ಟೆಯಲ್ಲಿ ಹುಟ್ಟಿದ್ದು, ಮಣ್ಣಿನಲ್ಲಿ ಉಳಿದದ್ದು

ಮೃಗಶಿರ ಮಳೆ ಎರಡು ಸಲ ಬಿದ್ದರೆ ಸಾಕು, ಹುಮನಾಬಾದ್, ಬಸವಕಲ್ಯಾಣದ ಹೊಲಗಳು ಬಿತ್ತುವ ಮುನ್ನವೇ ಹಸಿರಾಗುತ್ತವೆ. ಸೋಯಾ ಬಿತ್ತಲು ಚೀಲ ಬಿಚ್ಚಿಟ್ಟುಕೊಂಡ ರೈತ ಬದುವಿನ ಮೇಲೆ ನಿಂತು ಕೇಳುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: "ಹೋದ ವರ್ಷ ಒಂದು ಕಡ್ಡಿ ಕಸಾನೂ ಬೀಜಕ್ಕ ಬಿಟ್ಟಿಲ್ರಿ, ಮತ್ತ ಇದೆಲ್ಲಾ ಎಲ್ಲಿಂದ ಬಂತು?" ಗಾಳಿಯಿಂದ, ಸಗಣಿ ಗೊಬ್ಬರದಿಂದ ಸ್ವಲ್ಪ ಬಂದಿರಬಹುದು. ಉಳಿದದ್ದೆಲ್ಲ ಮೊದಲೇ ಮಣ್ಣಿನಲ್ಲಿತ್ತು. ಹಿಂದಿನ ಹತ್ತು ಹದಿನೈದು ವರ್ಷಗಳಲ್ಲಿ ಉದುರಿ, ರಂಟೆಗೆ ಸಿಕ್ಕಿ ಒಳಗೆ ಹೋಗಿ, ಹುಟ್ಟದೆ ಮಲಗಿದ್ದ ಬೀಜ ಅದು. ಇದನ್ನೇ ಮಣ್ಣಿನ ಬೀಜ ಭಂಡಾರ ಎನ್ನುತ್ತಾರೆ.

ಆ ಭಂಡಾರದಲ್ಲಿ ಎಷ್ಟಿದೆ ಎಂದು ತಿಳಿಯಲು ಮುಖ್ಯವಾಗಿ ಎರಡು ದಾರಿ. ಒಂದು, ಮಣ್ಣನ್ನು ತಟ್ಟೆಯಲ್ಲಿ ಹರಡಿ, ನೀರು ಹನಿಸಿ, ಹುಟ್ಟಿದ ಸಸಿಗಳನ್ನು ಎಣಿಸುವುದು. ಇನ್ನೊಂದು, ಮಣ್ಣನ್ನು ಜರಡಿಯಲ್ಲಿ ತೊಳೆದು ಉಳಿದ ಬೀಜವನ್ನೇ ಹೆಕ್ಕಿ ಎಣಿಸುವುದು. ಒಂದೇ ಹೊಲದ ಮಣ್ಣಿಗೆ ಇವೆರಡೂ ಬೇರೆ ಬೇರೆ ಲೆಕ್ಕ ಕೊಡುತ್ತವೆ. ಕೆಲವು ಕಸಗಳ ವಿಷಯದಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಬೀದರ್ ಸೀಮೆಯ ನೆಲಕ್ಕೆ ಯಾವ ಲೆಕ್ಕವನ್ನು ನಂಬಬೇಕು ಎಂಬುದನ್ನೇ ಇಲ್ಲಿ ತೂಗಿ ನೋಡಬೇಕಾಗಿದೆ.

ತಟ್ಟೆಯ ವಿಧಾನ ಹಳೆಯದು. ಚಾರ್ಲ್ಸ್ ಡಾರ್ವಿನ್ ಒಂದು ಸಣ್ಣ ಕೆರೆಯ ಅಂಚಿನಿಂದ ಮೂರು ಚಮಚದಷ್ಟು ಕೆಸರು ತಂದು, ತನ್ನ ಓದುವ ಕೋಣೆಯಲ್ಲಿ ಆರು ತಿಂಗಳು ಮುಚ್ಚಿಟ್ಟು, ಹುಟ್ಟಿದ ಒಂದೊಂದೇ ಗಿಡವನ್ನು ಕಿತ್ತು ಎಣಿಸಿದ. ಬಂದದ್ದು 537 ಗಿಡ. 1859ರ 'ದಿ ಆರಿಜಿನ್ ಆಫ್ ಸ್ಪೀಷೀಸ್' ಪುಸ್ತಕದಲ್ಲಿ ಈ ಲೆಕ್ಕವಿದೆ. ಇಂದಿಗೂ ವಿಧಾನದ ತಿರುಳು ಅದೇ: ಹುಟ್ಟಿದ್ದನ್ನು ಎಣಿಸು, ಕೀಳು, ಮಣ್ಣು ಕೆದಕು, ಮತ್ತೆ ಕಾಯು. ಕೀಳುವುದು ಏಕೆಂದರೆ ಅದೇ ಸಸಿಯನ್ನು ಎರಡು ಸಲ ಎಣಿಸಬಾರದು. ಕೆದಕುವುದು ಏಕೆಂದರೆ ಅನೇಕ ಕಸದ ಬೀಜಗಳಿಗೆ ಬೆಳಕು ತಗುಲಿದರೆ ಮಾತ್ರ ಎಚ್ಚರ.

ಹೊಲದಲ್ಲಿ ಕೆಲಸ ಹೀಗೆ ಸಾಗುತ್ತದೆ. 5 ಸೆಂಟಿಮೀಟರ್ ವ್ಯಾಸದ ಕೊಳವೆಯನ್ನು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ಮಣ್ಣು ತೆಗೆಯಬೇಕು. ಒಂದು ಎಕರೆಯಲ್ಲಿ ಅಡ್ಡಾದಿಡ್ಡಿ ನಡೆದು ಐವತ್ತು ಕಡೆ ತೆಗೆದರೆ ಹತ್ತು ಲೀಟರಿನಷ್ಟು ಮಣ್ಣಾಗುತ್ತದೆ. ಬದುವಿನ ಪಕ್ಕ, ರಾಶಿ ಮಾಡಿದ ಕಣ, ಗೊಬ್ಬರ ಸುರಿದ ಜಾಗ ಇವನ್ನು ಬಿಡಬೇಕು, ಇಲ್ಲವೆ ಬೇರೆಯಾಗಿ ಇಡಬೇಕು. ಕರಿ ಎರೆ ಹೊಲದಲ್ಲಿ ಇಷ್ಟಕ್ಕೇ ಹೆಣಗಾಟ. ಒಣಗಿದ್ದರೆ ಕೊಳವೆ ಕಲ್ಲಿಗೆ ಬಡಿದಂತೆ ಇಳಿಯುವುದಿಲ್ಲ, ಹಸಿಯಾಗಿದ್ದರೆ ಮಣ್ಣು ಕೊಳವೆಗೇ ಅಂಟಿಕೊಂಡು ಬರುವುದಿಲ್ಲ. ಮಳೆ ಬಿದ್ದು ಎರಡು ಮೂರು ದಿನಕ್ಕೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಒತ್ತಿದರೆ ಪುಡಿಯಾಗುವ ಹದ ಬಂದಾಗ ತೆಗೆಯಬಹುದು. ಆದರೆ ಆ ಹೊತ್ತಿಗೆ ಮೊದಲ ಮಳೆಗೆ ಹುಟ್ಟುವ ಬೀಜಗಳು ಆಗಲೇ ಮೊಳೆತಿರುತ್ತವೆ. ಹಾಗಾಗಿ ಮುಂಗಾರಿಗೆ ಮೊದಲಿನ ಲೆಕ್ಕ ಬೇಕಿದ್ದವರು ಬೇಸಿಗೆಯ ಅಕಾಲ ಮಳೆಯೊಂದನ್ನು ಕಾದು ಅದರ ಬೆನ್ನಿಗೇ ಮಣ್ಣು ತೆಗೆಯುವುದು ಒಳ್ಳೆಯದು.

ತಂದ ಮಣ್ಣಿನಿಂದ ಕಲ್ಲು, ಬೇರು, ಜೇಕಿನ ಗಡ್ಡೆ, ಕರಿಕೆಯ ತುಂಡು ತೆಗೆದು ಹಾಕಬೇಕು. ಜೇಕು ಗಡ್ಡೆಯಿಂದ ಬರುವ ಕಸ. ತಟ್ಟೆಯಲ್ಲಿ ಅದರ ಮೊಳಕೆ ಕಂಡರೆ ಬೀಜದ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಹೊಸಬರು ಎಡವುವ ಮೊದಲ ಜಾಗ ಇದು. ಆಮೇಲೆ ಹುರಿದು ಬೀಜ ಸಾಯಿಸಿದ ಮರಳನ್ನು ತಟ್ಟೆಯ ತಳಕ್ಕೆ ಹಾಸಿ, ಅದರ ಮೇಲೆ ಹೊಲದ ಮಣ್ಣನ್ನು ಒಂದು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಹರಡಬೇಕು. ಹತ್ತು ಲೀಟರ್ ಮಣ್ಣಿಗೆ 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಎಂಟು ಒಂಬತ್ತು ತಟ್ಟೆ ಬೇಕಾಗುತ್ತದೆ. ದಪ್ಪವಾದರೆ ಅಡಿಯ ಬೀಜಕ್ಕೆ ಬೆಳಕು ಸಿಗುವುದಿಲ್ಲ, ಲೆಕ್ಕ ತಾನಾಗಿ ಕಡಿಮೆಯಾಗುತ್ತದೆ. ಇವುಗಳ ನಡುವೆ ಬರೀ ಮರಳಿನ ಒಂದೆರಡು ತಟ್ಟೆ ಇಡುವುದನ್ನು ಮರೆಯಬಾರದು. ಅವುಗಳಲ್ಲೂ ಕಸ ಹುಟ್ಟಿದರೆ ಅದು ಹೊಲದ್ದಲ್ಲ, ಗಾಳಿಯಲ್ಲೋ ನೀರಿನಲ್ಲೋ ಬಂದದ್ದು. ಕಾಂಗ್ರೆಸ್ ಕಸ ರಸ್ತೆಯ ಎರಡೂ ಬದಿಗೆ ನಿಂತಿರುವ ಈ ಊರುಗಳಲ್ಲಿ ಈ ಕಾವಲು ತಟ್ಟೆ ಇಲ್ಲದ ಲೆಕ್ಕವನ್ನು ನಾನು ನಂಬುವುದಿಲ್ಲ.

ಈಗ ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಹಿಡಿಯೋಣ. ಸಂಖ್ಯೆಗಳು ವಿವರಣೆಗಾಗಿ ಕಲ್ಪಿಸಿದವು, ಯಾವುದೇ ಹೊಲದಲ್ಲಿ ಎಣಿಸಿದವಲ್ಲ. ಐವತ್ತು ಕೊಳವೆಯ ಮಣ್ಣನ್ನು ಐದೈದರ ಹತ್ತು ಪಾಲು ಮಾಡಿದ್ದೇವೆ. ಮೂರು ತಿಂಗಳಲ್ಲಿ ಹತ್ತು ಪಾಲಿನಿಂದ ಹುಟ್ಟಿದ ಸಸಿಗಳು ಕ್ರಮವಾಗಿ 4, 6, 7, 8, 9, 10, 11, 12, 15 ಮತ್ತು 65. ಒಟ್ಟು 147. ಐವತ್ತು ಕೊಳವೆಗಳ ಬಾಯಿ ಸೇರಿದರೆ ಸುಮಾರು 0.098 ಚದರ ಮೀಟರ್. 147ನ್ನು ಅದರಿಂದ ಭಾಗಿಸಿದರೆ ಚದರ ಮೀಟರಿಗೆ 1,500 ಬೀಜ, ಎಕರೆಗೆ 60 ಲಕ್ಷ. ಕೊನೆಯ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ ಚದರ ಮೀಟರಿಗೆ 930ರ ಹತ್ತಿರ, ಎಕರೆಗೆ 37 ಲಕ್ಷ ಚಿಲ್ಲರೆ. ಒಂದೇ ಒಂದು ಪಾಲು ಎಕರೆಗೆ ಇಪ್ಪತ್ತೆರಡು ಲಕ್ಷಕ್ಕೂ ಹೆಚ್ಚು ಬೀಜವನ್ನು ಸೇರಿಸಿಬಿಟ್ಟಿತು.

ಆ 65 ಸುಳ್ಳಲ್ಲ. ತೊಗರಿಯ ಸಾಲಿನಲ್ಲಿ ಕೊನೆಯ ಎಡೆ ಹೊಡೆದ ಮೇಲೆ ಉಳಿದ ಒಂದು ಕಾಂಗ್ರೆಸ್ ಗಿಡ ತನ್ನ ಬುಡದಲ್ಲೇ ಸಾವಿರಾರು ಬೀಜ ಉದುರಿಸುತ್ತದೆ, ನಮ್ಮ ಕೊಳವೆ ಆ ಬುಡಕ್ಕೆ ಬಿದ್ದಿರುತ್ತದೆ. ಕಸದ ಬೀಜ ಹೊಲದಲ್ಲಿ ಸಮವಾಗಿ ಹರಡಿರುವುದಿಲ್ಲ, ಗುಂಪುಗುಂಪಾಗಿ ಇರುತ್ತದೆ. ಅದಕ್ಕೇ ಎಲ್ಲ ಮಣ್ಣನ್ನು ಒಂದೇ ಬುಟ್ಟಿಗೆ ಸುರಿದು ಕಲಸಬಾರದು. ಕಲಸಿದರೆ 1,500 ಎಂಬ ಒಂದು ಸಂಖ್ಯೆ ಸಿಗುತ್ತದೆ, ಅದರೊಳಗಿನ 65 ಅಡಗಿಹೋಗುತ್ತದೆ. ಪಾಲುಗಳನ್ನು ಬೇರೆ ಇಟ್ಟರೆ ಮಾತ್ರ ಸಂಖ್ಯೆ ಎಷ್ಟು ಗಟ್ಟಿ, ಎಷ್ಟು ಸಡಿಲ ಎಂದು ಕಣ್ಣಿಗೆ ಕಾಣುತ್ತದೆ. ಈ ದೋಷ ತಟ್ಟೆಗೆ ಮಾತ್ರ ಸೇರಿದ್ದಲ್ಲ, ತೊಳೆಯುವವರಿಗೂ ಇದೇ ಗತಿ.

ಈಗ ತಟ್ಟೆಯ ಪರ ವಕಾಲತ್ತು. ತಟ್ಟೆ ಎಣಿಸುವುದು ಜೀವ ಇರುವುದನ್ನು ಮಾತ್ರ. ಸತ್ತ ಬೀಜ, ಟೊಳ್ಳು ಬೀಜ, ಇರುವೆ ತಿಂದ ಸಿಪ್ಪೆ ಇವಾವೂ ಹುಟ್ಟುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಸಣ್ಣ ಬೀಜಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಸಾಸಿವೆಗಿಂತ ಸಣ್ಣದಾದ ರಾಜಗಿರಿ ಜಾತಿಯ ಬೀಜ ಜರಡಿಯ ಕಸದಲ್ಲಿ ಕಣ್ಣು ತಪ್ಪಿಸಿಕೊಳ್ಳಬಹುದು, ಸಸಿಯಾಗಿ ಎದ್ದರೆ ಅಡಗಲಾರದು. ಗುರುತು ಸಿಗದ ಸಸಿಯನ್ನು ಕುಂಡಕ್ಕೆ ಹಚ್ಚಿ ಹೂ ಬಿಡುವ ತನಕ ಕಾದರೆ ಹೆಸರು ಖಚಿತವಾಗುತ್ತದೆ. ಉಪಕರಣವೂ ಹೆಚ್ಚೇನಿಲ್ಲ.

ಕಾಂಗ್ರೆಸ್ ಕಸದ ಮಟ್ಟಿಗೆ ತಟ್ಟೆ ನಿಜಕ್ಕೂ ಪ್ರಾಮಾಣಿಕ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ದಕ್ಕನ್ನಿನ ಉದ್ದಗಲಕ್ಕೂ ಹಬ್ಬಿದ ಈ ಗಿಡದ ಬೀಜಕ್ಕೆ ಜಡತೆ ಹೆಚ್ಚಿಲ್ಲ. ನೀರು, ಬೆಳಕು ಸಿಕ್ಕರೆ ವರ್ಷದ ಯಾವ ಕಾಲದಲ್ಲೂ ಏಳುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದ ಹೂಳುವ ಪ್ರಯೋಗಗಳು, ಮಣ್ಣಿನ ಮೇಲೆ ಬಿದ್ದ ಅದರ ಬೀಜ ಬೇಗ ಮುಗಿಯುತ್ತದೆ, 5 ಸೆಂಟಿಮೀಟರ್ ಒಳಗೆ ಹೂತದ್ದು ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ ಎಂದು ತೋರಿಸಿವೆ. ಹೂತಿದ್ದನ್ನು ತಟ್ಟೆಗೆ ತಂದು ತೆಳ್ಳಗೆ ಹರಡಿದ ಕೂಡಲೇ ಅದು ಹುಟ್ಟುತ್ತದೆ. ಹಾಗಾಗಿ ಇದರ ವಿಷಯದಲ್ಲಿ ತಟ್ಟೆಯ ಲೆಕ್ಕಕ್ಕೂ ಮಣ್ಣಿನ ನಿಜಕ್ಕೂ ಅಂತರ ಕಡಿಮೆ.

ಸೋಯಾ ಬೆಳೆಯುವವರಿಗೆ ಇದರಿಂದ ನೇರ ಉಪಯೋಗವಿದೆ. ಪೆಂಡಿಮೆಥಾಲಿನ್‌ನಂಥ ಕಸನಾಶಕವನ್ನು ಬಿತ್ತಿದ ಎರಡು ಮೂರು ದಿನದೊಳಗೆ, ಕಸ ಹುಟ್ಟುವ ಮೊದಲೇ ಸಿಂಪಡಿಸಬೇಕು. ಆಗ ಹೊಲದಲ್ಲಿ ನೋಡಲು ಏನೂ ಇರುವುದಿಲ್ಲ. ಇಮಾಜೆಥಾಪಿರ್‌ನಂಥದ್ದನ್ನು ಎರಡು ಮೂರು ವಾರ ಕಾದು, ಹುಟ್ಟಿದ ಕಸ ನೋಡಿ ಹೊಡೆಯಬಹುದು. ಮೊದಲನೆಯದು ಬೇಕೇ ಬೇಡವೇ, ಯಾವ ತುಂಡಿಗೆ ಬೇಕು ಎಂದು ನಿರ್ಧರಿಸಲು ಮುಂಗಾರಿಗೆ ಮೊದಲು ಇಟ್ಟ ತಟ್ಟೆ ಒಂದು ಆಧಾರ. ತಟ್ಟೆಯಲ್ಲಿ ಹುಟ್ಟಿದ್ದಷ್ಟೂ ಹೊಲದಲ್ಲಿ ಒಂದೇ ಹಂಗಾಮಿನಲ್ಲಿ ಹುಟ್ಟುವುದಿಲ್ಲ, ಅದರ ಒಂದು ಸಣ್ಣ ಪಾಲು ಮಾತ್ರ ಏಳುತ್ತದೆ. ಆದರೂ ಈ ತುಂಡಿನಲ್ಲಿ ಹುಲ್ಲು ಹೆಚ್ಚೋ ಅಗಲ ಎಲೆಯ ಕಸ ಹೆಚ್ಚೋ, ಮೇಲಿನ ಹೊಲಕ್ಕಿಂತ ಕೆಳಗಿನದು ಎಷ್ಟು ಪಾಲು ಭಾರ ಎಂಬ ಹೋಲಿಕೆಗೆ ಅದು ಸಾಕು.

ಇಷ್ಟೇ ಆಗಿದ್ದರೆ ವಾದ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಬದುವಿನಲ್ಲಿ ತಗಚೆಯೂ ಇದೆ. ಹೊಳೆಯುವ ಕಂದು ಬಣ್ಣದ, ಮೂಲೆ ಮೊನೆಯಾದ ಅದರ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಮೂರು ತಿಂಗಳು ತಟ್ಟೆಯಲ್ಲಿ ನೆನೆದರೂ ಬಹುಪಾಲು ಬೀಜ ಕಲ್ಲಿನ ಹಾಗೇ ಇರುತ್ತದೆ. ಮರಳು ಕಾಗದದಲ್ಲಿ ಉಜ್ಜಿದರೆ ಕೆಲವೇ ದಿನಗಳಲ್ಲಿ ಉಬ್ಬಿ ಮೊಳೆಯುತ್ತದೆ. ಅಂದರೆ ತಟ್ಟೆಯಲ್ಲಿ ತಗಚೆಯ ಸಸಿ ಮೂರು ಬಂದವು ಎಂದರೆ ಮಣ್ಣಿನಲ್ಲಿ ಮೂರಿದ್ದವು ಎಂದಲ್ಲ, ಆ ಹೊತ್ತಿಗೆ ಮೂರರ ಸಿಪ್ಪೆ ಸವೆದಿತ್ತು ಎಂದು ಅರ್ಥ.

ಕಾಲದ ತೊಡಕೂ ಇದೆ. ಜೂನ್‌ನಲ್ಲಿ ಇಟ್ಟ ತಟ್ಟೆಯಲ್ಲಿ ಮುಂಗಾರಿ ಕಸ ಏಳುತ್ತದೆ. ಹಿಂಗಾರಿ ಕಡಲೆಯಲ್ಲಿ ಕಾಣುವ ಚಕ್ಕೋತ ಸೊಪ್ಪಿನಂಥವು ತಂಪು ಬಿದ್ದ ಮೇಲೆ ಬರುವಂಥವು. ಸೆಪ್ಟೆಂಬರಿಗೆ ತಟ್ಟೆ ಎತ್ತಿಬಿಟ್ಟರೆ ಅವು ಲೆಕ್ಕದಲ್ಲೇ ಇಲ್ಲ. ಕರಿಮಣ್ಣು ತಟ್ಟೆಯಲ್ಲಿ ಒಂದು ದಿನ ನೀರು ತಪ್ಪಿದರೂ ಬಿರುಕು ಬಿಟ್ಟು, ಮೊಳೆಯುತ್ತಿದ್ದ ಬೀಜದ ಬೇರನ್ನು ಹರಿಯುತ್ತದೆ. ಹೀಗೆ ಮಣ್ಣೊಳಗೇ ಸತ್ತದ್ದು ಯಾರಿಗೂ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಸ್ಟ್ರೈಗಾ. ಜೋಳದ ಬೇರಿಗೆ ಅಂಟಿ ರಸ ಹೀರುವ, ಬಿಳಿ ಪುಟ್ಟ ಹೂವಿನ ಈ ಕಸವನ್ನು ಜೋಳ ಬೆಳೆದ ಮನೆಯವರು ಬಲ್ಲರು. ಕಬ್ಬಿಗೂ ಅದರ ಜಾತಿ ತಗಲುತ್ತದೆ. ಅದರ ಬೀಜ ಮಿಲಿಮೀಟರಿನ ಕಾಲು ಭಾಗದಷ್ಟು, ನಶ್ಯದ ಪುಡಿಯ ಹಾಗೆ. ಒಂದು ಗಿಡ ಸಾವಿರಾರು ಬೀಜ ಕೊಡುತ್ತದೆ, ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲವು. ನೀರು, ಬೆಳಕು, ಬಿಸಿ ಏನು ಕೊಟ್ಟರೂ ಅದು ಹುಟ್ಟುವುದಿಲ್ಲ. ಕೆಲವು ದಿನ ಹಸಿಯಲ್ಲಿ ಮಲಗಿದ ಮೇಲೆ, ಹತ್ತಿರದಲ್ಲೇ ಜೋಳದಂಥ ಆಸರೆಯ ಗಿಡದ ಬೇರು ಬಂದು, ಆ ಬೇರಿನಿಂದ ಒಸರುವ ಸ್ಟ್ರೈಗೋಲ್‌ನಂಥ ರಾಸಾಯನಿಕ ತಗಲಿದರೆ ಮಾತ್ರ ಮೊಳೆಯುತ್ತದೆ. ಸ್ಟ್ರೈಗಾ ತುಂಬಿದ ಹೊಲದ ಮಣ್ಣನ್ನು ತಟ್ಟೆಯಲ್ಲಿ ಒಂದು ವರ್ಷ ಇಟ್ಟರೂ ಲೆಕ್ಕ ಸೊನ್ನೆ. ಆ ಸೊನ್ನೆಯನ್ನು ನಂಬಿ ಸೋಯಾದಿಂದ ಮತ್ತೆ ಜೋಳಕ್ಕೆ ಮರಳಿದವನಿಗೆ ಬೆಳೆ ಮೊಣಕಾಲೆತ್ತರ ಬಂದಾಗ ಸತ್ಯ ತಿಳಿಯುತ್ತದೆ.

ಹುಟ್ಟದಿರುವುದು ಸಾವಲ್ಲ ಎಂಬುದಕ್ಕೆ ವಿಜ್ಞಾನದಲ್ಲಿ ಪ್ರಸಿದ್ಧ ಸಾಕ್ಷಿಯೊಂದಿದೆ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ ಇಪ್ಪತ್ತು ಬಾಟಲಿಗಳಲ್ಲಿ ಮರಳಿನೊಂದಿಗೆ ಬೀಜ ಬೆರೆಸಿ ಹೂತಿಟ್ಟ. 2000ದಲ್ಲಿ ಅವುಗಳಲ್ಲಿ ಒಂದನ್ನು ಅಗೆದು ಬಿತ್ತಿದಾಗ ವರ್ಬಾಸ್ಕಂ ಎಂಬ ಗಿಡದ ಬೀಜಗಳು ಹುಟ್ಟಿದವು. ಆಮೇಲೆ ಆ ಮಣ್ಣಿಗೆ ತಂಪು ತಾಗಿಸಿದಾಗ ಮಾಲ್ವಾ ಜಾತಿಯ ಒಂದೇ ಒಂದು ಸಸಿ ಎದ್ದಿತು. ಮೊದಲ ಸುತ್ತಿಗೇ ತಟ್ಟೆ ಚೆಲ್ಲಿದ್ದರೆ ಅದರ ಲೆಕ್ಕ ಸೊನ್ನೆಯಾಗುತ್ತಿತ್ತು.

ಹಾಗಾದರೆ ತೊಳೆದು ಎಣಿಸುವುದೇ ಮೇಲೇ? ಅದರ ಪರವಾದ ಮಾತು ಸರಳ. ಬೀಜ ಎದ್ದು ಬರಲೆಂದು ಕಾಯಬೇಕಿಲ್ಲ, ಇರುವುದನ್ನು ಇರುವ ಹಾಗೆ ಹೆಕ್ಕಬಹುದು. ಮೂರು ತಿಂಗಳ ಕೆಲಸ ವಾರದಲ್ಲಿ ಮುಗಿಯುತ್ತದೆ. ತಗಚೆಯಂಥ ದಪ್ಪ, ಗಟ್ಟಿ ಬೀಜ ಒಂದೂ ತಪ್ಪುವುದಿಲ್ಲ. ಆದರೆ ಬೀದರ್ ಸೀಮೆಯ ಮಣ್ಣು ಈ ವಿಧಾನಕ್ಕೆ ಎರಡು ಕಡೆಯಿಂದ ತಡೆ ಹಾಕುತ್ತದೆ. ಕರಿ ಎರೆಯ ಜೇಡಿ ಬರೀ ನೀರಿಗೆ ಬಿಡುವುದಿಲ್ಲ. ಅಡುಗೆ ಸೋಡಾ ಅಥವಾ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಕಲಕಿ, ಜರಡಿಗೆ ಸುರಿಯಬೇಕು, ಅದೂ ಎರಡು ಮೂರು ಸಲ. ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಜೇಡಿ ಬೇಗ ಬಿಡುತ್ತದೆ, ಆದರೆ ಗರಸಿನ ಕಬ್ಬಿಣದ ಉಂಡೆಗಳು ಜರಡಿಯಲ್ಲಿ ಉಳಿಯುತ್ತವೆ. ಕಂದು ಬಣ್ಣ, ಎರಡು ಮೂರು ಮಿಲಿಮೀಟರ್ ಗಾತ್ರ, ಕೆಲವಕ್ಕೆ ಹೊಳಪೂ ಇರುತ್ತದೆ. ಬರಿಗಣ್ಣಿಗೆ ಅವಕ್ಕೂ ಬೀಜಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಪೊಟ್ಯಾಷಿಯಂ ಕಾರ್ಬೊನೇಟಿನ ಗಾಢ ದ್ರಾವಣದಲ್ಲಿ ಹಾಕಿದರೆ ಭಾರದ ಉಂಡೆ ತಳಕ್ಕೆ ಹೋಗಿ ಬೀಜ ತೇಲುತ್ತದೆ. ಹೀಗೆ ಬೇರ್ಪಡಿಸಿದ ಮೇಲೂ ಭೂತಗನ್ನಡಿಯ ಕೆಳಗೆ ಗಂಟೆಗಟ್ಟಲೆ ಕೂರಬೇಕು.

ಹೆಕ್ಕಿದ ಮೇಲೆ ಇನ್ನೊಂದು ಪ್ರಶ್ನೆ: ಇದರಲ್ಲಿ ಜೀವ ಇದೆಯೇ? ಸುಲಭದ ಪರೀಕ್ಷೆ ಚಿಮುಟದಿಂದ ಮೆಲ್ಲಗೆ ಒತ್ತುವುದು. ಪುಡಿಯಾದರೆ, ಮೆತ್ತಗೆ ಕುಸಿದರೆ ಸತ್ತದ್ದು. ಗಟ್ಟಿಯಾಗಿ ನಿಂತರೆ ಜೀವಂತ ಎಂದು ಹಿಡಿಯುತ್ತಾರೆ. ಖಚಿತ ಬೇಕಾದವರು ಬೀಜ ಸೀಳಿ ಟೆಟ್ರಜೋಲಿಯಂ ದ್ರಾವಣದಲ್ಲಿ ಇಡುತ್ತಾರೆ, ಉಸಿರಾಡುವ ಭ್ರೂಣ ಕೆಂಪಾಗುತ್ತದೆ. ಒತ್ತುವ ಪರೀಕ್ಷೆಯಲ್ಲಿ ಗಟ್ಟಿ ಸಿಪ್ಪೆಯ ಸತ್ತ ಬೀಜವೂ ಗೆಲ್ಲುತ್ತದೆ. ತೊಳೆಯುವ ಲೆಕ್ಕ ಹೆಚ್ಚಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನು ಸ್ಟ್ರೈಗಾ ಇಲ್ಲಿಯೂ ಕೈ ಕೊಡುತ್ತದೆ. ಅದರ ಬೀಜವನ್ನು ಹಿಡಿಯುವಷ್ಟು ಸಣ್ಣ ಕಣ್ಣಿನ ಜರಡಿ ಎರೆಮಣ್ಣಿಗೆ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ.

ಎರಡೂ ಕಡೆ ಕೇಳಿದ ಮೇಲೆ ನನಗೆ ಅನಿಸುವುದು ಹೀಗೆ. ಈ ಎರಡು ವಿಧಾನಗಳು ಉತ್ತರಿಸುವ ಪ್ರಶ್ನೆಗಳೇ ಬೇರೆ. ಈ ಮುಂಗಾರಿಗೆ ಏನು ಏಳಬಹುದು ಎಂಬುದಕ್ಕೆ ತಟ್ಟೆ ಉತ್ತರಿಸುತ್ತದೆ. ಇನ್ನೆಷ್ಟು ವರ್ಷ ಈ ಹೊಲ ನನ್ನನ್ನು ಕಾಡಬಹುದು ಎಂಬುದಕ್ಕೆ ತೊಳೆಯುವುದು ಉತ್ತರಿಸುತ್ತದೆ. ತಪ್ಪಾಗುವುದು ಮೊದಲನೆಯದರ ಸಂಖ್ಯೆಯನ್ನು ಎರಡನೆಯದರ ಉತ್ತರವೆಂದು ಓದಿದಾಗ. ತಟ್ಟೆಯಿಂದ ಬಂದ ಸಂಖ್ಯೆಯನ್ನು "ಮಣ್ಣಿನಲ್ಲಿರುವ ಬೀಜ" ಎಂದು ಬರೆಯುವುದು ವರದಿಗಳಲ್ಲಿ ಸಾಮಾನ್ಯ ರೂಢಿ. ಅದು ತಪ್ಪು, "ಹುಟ್ಟಬಲ್ಲ ಬೀಜ" ಎಂದು ಬರೆಯಬೇಕು, ಎಷ್ಟು ತಿಂಗಳು ಇಟ್ಟಿದ್ದೆವು ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು.

ಎರಡರಲ್ಲಿ ಒಂದನ್ನೇ ಆರಿಸು ಎಂದರೆ ಈ ಎರಡು ತಾಲ್ಲೂಕುಗಳ ಸೋಯಾ, ತೊಗರಿ ಹೊಲಗಳಿಗೆ ನಾನು ತಟ್ಟೆಯನ್ನೇ ಆರಿಸುತ್ತೇನೆ. ಇಲ್ಲಿ ರೈತನನ್ನು ಹೆಚ್ಚು ಕಾಡುವ ಕಾಂಗ್ರೆಸ್ ಕಸದ ಬಗ್ಗೆ ಅದು ಸುಳ್ಳು ಹೇಳುವುದಿಲ್ಲ, ಗರಸಿನ ಉಂಡೆಗಳ ಕಾಟವೂ ಅದಕ್ಕಿಲ್ಲ. ಆದರೆ ಒಂದನ್ನೇ ಆರಿಸಬೇಕಾದ ಬಲವಂತ ಏನೂ ಇಲ್ಲ. ತಟ್ಟೆಯ ಕೆಲಸ ಮುಗಿದ ಮೇಲೆ ಮಣ್ಣನ್ನು ಚೆಲ್ಲುವ ಬದಲು ಹತ್ತು ಪಾಲಿನಲ್ಲಿ ಎರಡನ್ನಾದರೂ ತೊಳೆಯಬೇಕು. ಮೇಲಿನ ಕಲ್ಪಿತ ಲೆಕ್ಕವನ್ನೇ ಮುಂದುವರಿಸಿದರೆ, ಹತ್ತೂ ಪಾಲಿನಲ್ಲಿ ತಗಚೆಯ ಸಸಿ ಮೂರೇ ಬಂದಿದ್ದವು ಎನ್ನೋಣ, ಅಂದರೆ ಚದರ ಮೀಟರಿಗೆ 30. ತೊಳೆದ ಎರಡೇ ಪಾಲಿನಲ್ಲಿ ಗಟ್ಟಿ ಬೀಜ 12 ಸಿಕ್ಕರೆ ಅದು ಚದರ ಮೀಟರಿಗೆ 600 ದಾಟುತ್ತದೆ. ಈ ವರ್ಷ ತಗಚೆಗೆ ಹೆದರಬೇಕಿಲ್ಲ, ಆದರೆ ಬೀಜಕ್ಕೆ ಬಿಡದೆ ಕೀಳುವ ಕೆಲಸ ವರ್ಷಗಟ್ಟಲೆ ಇದೆ ಎಂದು ಆಗ ಗೊತ್ತಾಗುತ್ತದೆ. ತಟ್ಟೆಯಲ್ಲಿ ಆಗಲೇ ಮೊಳೆತದ್ದು ಹೋಗಿರುವುದರಿಂದ ತೊಳೆಯುವ ಕೆಲಸವೂ ಹಗುರ.

ಸ್ಟ್ರೈಗಾಕ್ಕೆ ಮಾತ್ರ ಈ ಎರಡೂ ಸಾಲವು, ಅದಕ್ಕೆ ಜೋಳವನ್ನೇ ಕೇಳಬೇಕು. ಜೋಳಕ್ಕೆ ಮರಳುವ ಯೋಚನೆ ಇರುವವರು ಆ ಹೊಲದ ಮಣ್ಣನ್ನು ನಾಲ್ಕು ಕುಂಡಗಳಿಗೆ ತುಂಬಿ, ಆ ಕಸಕ್ಕೆ ಬೇಗ ತುತ್ತಾಗುವ ಜೋಳವನ್ನು ಮೂರು ಮೂರು ಕಾಳಿನಂತೆ ಹಚ್ಚಿ, ಎರಡು ತಿಂಗಳು ನೀರು ಕೊಟ್ಟು ನೋಡಿ. ನೆಲದ ಮೇಲೆ ಏನೂ ಬರದಿದ್ದರೆ ಮಣ್ಣು ಬಿಡಿಸಿ ಬೇರು ತೊಳೆದು ನೋಡಿ. ಬೇರಿಗೆ ಅಂಟಿದ ಬಿಳಿ ಮೊಳಕೆ ಒಂದು ಕಂಡರೂ ಆ ಹೊಲಕ್ಕೆ ಈ ಸಲ ಜೋಳ ಹಾಕಬೇಡಿ.